ಮಳೆ, ಮಣ್ಣು ಮತ್ತು ಭತ್ತದ ಇಳುವರಿ

ಕಲ್ಯಾಣದಿಂದ ಕಸಾರಾ ಗಾಡಿಯಲ್ಲಿ ಹೊರಟರೆ, ಟಿಟವಾಳಾ ದಾಟಿದ ಮೇಲೆ ಹಳಿಯ ಇಕ್ಕೆಲಗಳಲ್ಲಿಯೂ ಭತ್ತದ ಗದ್ದೆಗಳು ಕಾಣುತ್ತವೆ. ಅಲ್ಲಿ ಈ ವರ್ಷ ಹೆಕ್ಟೇರಿಗೆ ಎಷ್ಟು ಕ್ವಿಂಟಲ್ ಬೆಳೆದೀತೆಂಬುದನ್ನು ಮಳೆಯ ಹಾಗೂ ಮಣ್ಣಿನ ಅಂಕೆಗಳಿಂದ ಮೊದಲೇ ಹೇಳಬಹುದೇ? ಹಿಂದಿನ ವರ್ಷಗಳ ಅಂಕೆಗಳಿಗೆ ಆದಷ್ಟು ಹೊಂದುವ ಸೂತ್ರವನ್ನು ಕಂಡುಹಿಡಿದು, ಅದರಿಂದ ಮುಂದಿನದನ್ನು ಊಹಿಸುವ ಕ್ರಮಕ್ಕೆ ರಿಗ್ರೆಶನ್ ಎನ್ನುತ್ತಾರೆ. ಸೂತ್ರವು ಇಂತಿದೆ: y = a + bx + cz. ಇಲ್ಲಿ y ಇಳುವರಿ, x ಮಳೆ, z ಮಣ್ಣಿನ ಸಾವಯವ ಇಂಗಾಲ. a, b, c ಗಳನ್ನು ಗಣಕಯಂತ್ರವು ಕ್ಷಣದಲ್ಲಿ ಕೊಡುತ್ತದೆ, ತೊಡಕಿರುವುದು ಅಂಕೆಗಳಲ್ಲಿ.

ಜಿಲ್ಲೆಯ ಒಟ್ಟು ಬೆಳೆಯನ್ನೇ y ಎಂದು ಹಿಡಿದರೆ ಮೋಸಹೋಗುವೆವು. 2014ರ ಆಗಸ್ಟ್ 1ರಂದು ಠಾಣೆ ಜಿಲ್ಲೆಯ 15 ತಾಲೂಕುಗಳಲ್ಲಿ 8 ತಾಲೂಕುಗಳು ಬೇರ್ಪಟ್ಟು ಪಾಲಘರ ಜಿಲ್ಲೆಯಾಯಿತು. ಠಾಣೆಗೆ 7 ಉಳಿದವು. ಹೀಗೆ ಒಟ್ಟು ಬೆಳೆ ಕುಗ್ಗಿದುದು ಗಡಿಯಿಂದ, ಮಳೆಯಿಂದಲ್ಲ. ಪಾಪ, ಸೂತ್ರಕ್ಕೆ ಇದು ತಿಳಿಯದು. ಅದು ಮಳೆಯ ಮೇಲೆಯೇ ದೋಷ ಹೊರಿಸೀತು. ಆದುದರಿಂದ ತಾಲೂಕುವಾರು, ಹೆಕ್ಟೇರಿಗೆ ಇಷ್ಟೆಂಬ ಇಳುವರಿಯನ್ನೇ ತೆಗೆದುಕೊಳ್ಳಬೇಕು.

ಇನ್ನು ಮಳೆ. ನಮ್ಮ ಕಡೆ ಮಳೆಗಾಲದ ಒಟ್ಟು ಮಳೆಗೆ ಕೊರತೆ ವಿರಳ. ಹೆಚ್ಚಾದ ನೀರು ಬದು ದಾಟಿ ಹರಿದುಹೋಗುತ್ತದೆಯೇ ಹೊರತು ತೆನೆಗೆ ಸೇರುವುದಿಲ್ಲ. ಸೆಪ್ಟೆಂಬರಿನಲ್ಲಿ ಭತ್ತ ಹೂಬಿಡುವಾಗ ಎರಡು ವಾರ ಮಳೆ ಕೈಕೊಟ್ಟರೆ ಕಾಳು ಜೊಳ್ಳಾಗುತ್ತದೆ. ಎರಡು ವರ್ಷಗಳ ಒಟ್ಟು ಮಳೆ ಒಂದೇ ಆಗಿದ್ದರೂ ಇಳುವರಿ ಬೇರೆಯಾಗುವುದು ಹೀಗೆ. ಆದುದರಿಂದ ಜುಲೈ ಮಳೆ, ಸೆಪ್ಟೆಂಬರಿನ ಒಣದಿನಗಳು ಎಂದು ಬೇರೆಬೇರೆಯಾಗಿ ಬರೆದುಕೊಳ್ಳುವುದು ಲೇಸು.

ಎಲ್ಲಕ್ಕಿಂತ ಗೂಢವಾದ ತಪ್ಪು ಪರೀಕ್ಷೆಯಲ್ಲಿದೆ. 7 ತಾಲೂಕು, 10 ವರ್ಷ, ಸಾಲುಗಳು 70. ಆದರೆ ಮಣ್ಣಿನ ಅಂಕೆ ವರ್ಷವರ್ಷಕ್ಕೆ ಬದಲಾಗದಾದ್ದರಿಂದ ನಿಜವಾಗಿ ಏಳೇ. ಒಂದು ವರ್ಷದ ಮಳೆಯೂ ಕಲ್ಯಾಣ, ಮುರಬಾಡ, ಶಹಾಪುರಗಳಲ್ಲಿ ಬಹುಮಟ್ಟಿಗೆ ಒಟ್ಟಿಗೇ ಏರಿಳಿಯುತ್ತದೆ. ಚೀಟಿ ಎತ್ತಿ 14 ಸಾಲುಗಳನ್ನು ಪರೀಕ್ಷೆಗೆ ಬೇರೆಯಿಟ್ಟೆವೆನ್ನೋಣ. ಅದೇ ವರ್ಷದ ನೆರೆತಾಲೂಕುಗಳನ್ನು ಸೂತ್ರವು ಆಗಲೇ ಕಂಡಿರುತ್ತದೆ. ಪ್ರಶ್ನೆಪತ್ರಿಕೆ ಮೊದಲೇ ದೊರೆತಂತೆ! ಕಲ್ಪಿತ ಉದಾಹರಣೆಯೊಂದನ್ನು ನೋಡೋಣ: ಹೀಗೆ ಪರೀಕ್ಷಿಸಿದಾಗ ಸರಾಸರಿ ತಪ್ಪು ಹೆಕ್ಟೇರಿಗೆ 1.5 ಕ್ವಿಂಟಲ್ ಬಂದಿತು. ಒಂದಿಡೀ ವರ್ಷವನ್ನು ಮರೆಮಾಡಿ, ಉಳಿದ ಒಂಬತ್ತರಿಂದ ಸೂತ್ರ ಕಟ್ಟಿ, ಹೀಗೆಯೇ ಹತ್ತು ಸಲ ಮಾಡಿದರೆ ತಪ್ಪು 4ಕ್ಕೇರಿತು. ಪ್ರತಿ ತಾಲೂಕಿಗೂ ಆ ಒಂಬತ್ತು ವರ್ಷಗಳ ಸರಾಸರಿಯನ್ನೇ ಉತ್ತರವೆಂದು ಬರೆದಿದ್ದರೆ ತಪ್ಪು 3 ಮಾತ್ರ. ಎಂದ ಮೇಲೆ ಆ ಸೂತ್ರವು ಬರಿಯ ಸರಾಸರಿಗಿಂತ ಕೀಳು. ಆಗ ಅಂಕಣಗಳನ್ನು ಕಡಿಮೆಮಾಡಿ, ಸರಾಸರಿಗೆ ಸೆಪ್ಟೆಂಬರಿನ ಒಣದಿನಗಳೊಂದನ್ನೇ ಸೇರಿಸಿ ಮತ್ತೆ ನೋಡಬೇಕು.

ಅಲ್ಲಿಯೂ ಒಂದು ಎಚ್ಚರ ಬೇಕು. ರೈತನಿಗೆ ಆಗಸ್ಟಿನಲ್ಲೇ ಉತ್ತರ ಹೇಳಬೇಕಾದರೆ ಸೆಪ್ಟೆಂಬರಿನ ಮಳೆ ಇನ್ನೂ ಬಿದ್ದೇ ಇರುವುದಿಲ್ಲ. ಆಗ ಆ ಅಂಕಣವನ್ನು ಬಿಟ್ಟೇ ಸೂತ್ರ ಕಟ್ಟಬೇಕು. ತಪ್ಪು ಹೆಚ್ಚಿದರೆ ಹೆಚ್ಚಿತೆಂದೇ ಬರೆಯಬೇಕು.