ಗ್ರಹಣವೂ ತಿಥಿಯೂ

ಚಂದ್ರನು ಸೂರ್ಯನನ್ನು ಮರೆಮಾಡಬೇಕಾದರೆ ಭೂಮಿಗೂ ಸೂರ್ಯನಿಗೂ ನಡುವೆ ಬರಬೇಕು. ಆ ಸ್ಥಿತಿಯೇ ಅಮಾವಾಸ್ಯೆ. ಭೂಮಿಯ ನೆರಳಾದರೋ ಸೂರ್ಯನಿಗೆ ಎದುರು ದಿಕ್ಕಿನಲ್ಲಿ ಚಾಚಿರುತ್ತದೆ. ಚಂದ್ರನು ಅಲ್ಲಿಗೆ ಬರುವುದು ಹುಣ್ಣಿಮೆಯಂದೇ.

ಹಾಗಾದರೆ ತಿಂಗಳು ತಿಂಗಳೂ ಗ್ರಹಣವೇಕಿಲ್ಲ? ಚಂದ್ರನ ಪಥವು ಸೂರ್ಯನ ಪಥಕ್ಕೆ ಸುಮಾರು 5 ಅಂಶ ಓರೆಯಾಗಿದೆ. ಅವೆರಡೂ ಕೂಡುವ ಬಿಂದುಗಳೇ ರಾಹು ಕೇತುಗಳು; ಪುರಾಣ ಏನೇ ಹೇಳಲಿ, ಗಣಿತಜ್ಞನಿಗೆ ಅವು ಬರಿಯ ಬಿಂದುಗಳು.

1980ರ ಫೆಬ್ರವರಿ 16ರ ಮಾಘ ಅಮಾವಾಸ್ಯೆಯಂದು ಸೂರ್ಯನು ಇಂಥದೊಂದು ಬಿಂದುವಿನ ಸಮೀಪದಲ್ಲಿದ್ದನು. ಕಾರವಾರ, ರಾಯಚೂರುಗಳಲ್ಲಿ ಹಗಲಿನಲ್ಲೇ ಕತ್ತಲು ಕವಿಯಿತು. ಫಾಲ್ಗುಣದ ಅಮಾವಾಸ್ಯೆಯ ವೇಳೆಗೆ ಅವನು ಆ ಬಿಂದುವಿನಿಂದ ಸುಮಾರು 30 ಅಂಶ ದೂರ ಸರಿದಿದ್ದನು. ಚಂದ್ರನು ಅವನಿಂದ 2 ಅಂಶಕ್ಕೂ ಮಿಗಿಲಾಗಿ ಪಕ್ಕದಲ್ಲಿ ಹಾದುಹೋದನು; ಅವನ ನೆರಳು ಭೂಮಿಯನ್ನು ಸೋಕಲೇ ಇಲ್ಲ.