ತಾರಸಿಗೆ ಬಿಳಿ ಬಳಿದರೆ ಬಿಲ್ ಎಷ್ಟು ಇಳಿಯುತ್ತದೆ?

ಬೇಸಿಗೆಯಲ್ಲಿ ದಾವಣಗೆರೆಯ ಮೇಲ್ಮಹಡಿ ಮನೆಗಳಲ್ಲಿ ಮಧ್ಯಾಹ್ನಕ್ಕಿಂತ ರಾತ್ರಿಯೇ ಕಷ್ಟ. ಹೊರಗೆ ಗಾಳಿ ತಣ್ಣಗಾದರೂ ಒಳಗಿನ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿರುತ್ತದೆ. ಕಾರಣ ತಲೆಯ ಮೇಲಿನ ಆರ್‌ಸಿಸಿ. ಐದು ಇಂಚಿನ ಕಾಂಕ್ರೀಟು ಮೇಲೆ ಹೀರಿದ ಬಿಸಿಲನ್ನು ಕೆಳಗೆ ಬಿಡಲು ಹಲವು ಗಂಟೆ ಹಿಡಿಯುತ್ತದೆ. ಮಧ್ಯಾಹ್ನ ಎರಡರ ಕಾವು ಮಲಗುವ ಕೋಣೆಗೆ ಇಳಿಯುವುದು ಸಂಜೆಯ ಮೇಲೆ. ನಾವು ಎಸಿ ಹಾಕುವುದೂ ಆಗಲೇ.

ಬಿಳಿ ಬಣ್ಣ ಈ ಕಾವನ್ನು ಹೊರಹಾಕುವುದಿಲ್ಲ, ಒಳಗೆ ಬರಲಿಕ್ಕೇ ಬಿಡುವುದಿಲ್ಲ. ಹಳೆಯ, ಕಪ್ಪಿಟ್ಟ ಕಾಂಕ್ರೀಟು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಮುಕ್ಕಾಲು ಪಾಲು ನುಂಗುತ್ತದೆ. ಹೊಸದಾಗಿ ಬಳಿದ ಒಳ್ಳೆಯ ಬಿಳಿ ಲೇಪ ನೂರಕ್ಕೆ ಸುಮಾರು ಎಂಬತ್ತು ಪಾಲನ್ನು ಹಾಗೇ ಆಕಾಶಕ್ಕೆ ಕಳಿಸುತ್ತದೆ. ನಮ್ಮ ತಾರಸಿಯ ಅರ್ಧಕ್ಕೆ ಮಾತ್ರ ಬಳಿಸಿದ್ದರಿಂದ ಎರಡನ್ನೂ ಒಂದೇ ಹೊತ್ತಿನಲ್ಲಿ ಅಳೆದು ನೋಡುವುದು ಸುಲಭವಾಯಿತು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಬರೀ ಕಾಂಕ್ರೀಟು 58 ಡಿಗ್ರಿ ತೋರಿಸಿದರೆ ಬಿಳಿ ಭಾಗ 42 ತೋರಿಸಿತು. ಬರಿಗಾಲಲ್ಲಿ ಒಂದರ ಮೇಲೆ ನಿಲ್ಲಲಾಗದು, ಇನ್ನೊಂದರ ಮೇಲೆ ಸಂಡಿಗೆ ಹಾಕುತ್ತಾ ಕೂರಬಹುದು. ಸಂಜೆ ಒಳಗಿನ ಸೂರಿನಲ್ಲಿ ವ್ಯತ್ಯಾಸ ನಾಲ್ಕು ಡಿಗ್ರಿ, ಕೋಣೆಯ ಗಾಳಿಯಲ್ಲಿ ಎರಡರಿಂದ ಮೂರು. "ಹತ್ತು ಡಿಗ್ರಿ ಇಳಿಯುತ್ತದೆ" ಎಂದು ಅಂಗಡಿಯವರು ಹೇಳುವುದು ತಾರಸಿಯ ಮೇಲ್ಮೈ ಲೆಕ್ಕ. ನಾವು ಮಲಗುವುದು ಸೂರಿನ ಕೆಳಗೆ, ಲೆಕ್ಕ ಹಾಕಬೇಕಾದದ್ದೂ ಅಲ್ಲಿಯದೇ.

ಇನ್ನು ದುಡ್ಡಿನ ಮಾತು. ಕರ್ನಾಟಕದಲ್ಲಿ ಗೃಹಜ್ಯೋತಿ ಇರುವ ಮನೆಗಳಿಗೆ ಈ ಎರಡು ಮೂರು ಡಿಗ್ರಿಯ ಬೆಲೆ ಒಂದೇ ಸಮ ಇಲ್ಲ. 2022-23ರ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿ ನಮ್ಮಂಥ ಮನೆಗಳಿಗೆ ಉಚಿತ ಯೂನಿಟ್ ನಿಗದಿಯಾಗಿದೆ. ಅದನ್ನು ಮೀರಿ 200ರ ಒಳಗಿದ್ದರೆ ಹೆಚ್ಚಿನ ಯೂನಿಟ್ಟಿಗಷ್ಟೇ ಹಣ. 200 ದಾಟಿದರೆ ಪೂರ್ತಿ ಬಿಲ್ ನಮ್ಮದೇ. ನಮ್ಮ ಮನೆಯ ಉಚಿತ ಮಿತಿ 136. ಎಸಿ ಬಂದ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಬಳಕೆ 225ರ ಆಸುಪಾಸು ಹೋಗುತ್ತಿತ್ತು. ಯೂನಿಟ್ಟಿಗೆ ಸುಮಾರು ಆರು ರೂಪಾಯಿ, ಮೇಲೆ ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿ ತಿಂಗಳಿಗೆ 1,800 ರೂಪಾಯಿಯ ಬಿಲ್. ಬಳಿಸಿದ ಮೇಲೆ ಅದೇ ತಿಂಗಳುಗಳ ಬಳಕೆ 180ಕ್ಕೆ ಬಂತು. ದಿನಕ್ಕೆ ಒಂದೂವರೆ ಯೂನಿಟ್ ಉಳಿದಂತೆ, ಅಂದರೆ ಎಸಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ಬಿಡುವು ಪಡೆದಂತೆ. ಆದರೆ ಬಿಲ್ 300 ರೂಪಾಯಿಗೆ ಇಳಿಯಿತು.

ಉಳಿದದ್ದು 45 ಯೂನಿಟ್, ಗಿಟ್ಟಿದ್ದು 1,500 ರೂಪಾಯಿ. ಇದರಲ್ಲಿ ಬಹುಪಾಲು ಬಣ್ಣದ್ದಲ್ಲ, 200ರ ಗೆರೆಯದು. ಬೇಸಿಗೆಯಲ್ಲಿ 300 ಯೂನಿಟ್ ಉರಿಸುವ ಮನೆಯಲ್ಲಿ ಇದೇ 45 ಯೂನಿಟ್ ಉಳಿದರೆ ಕೈಗೆ ಬರುವುದು ತಿಂಗಳಿಗೆ 270 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ, ಅಷ್ಟೇ. ಅವರಿಗೆ ಬಣ್ಣ ನೆಮ್ಮದಿಯ ನಿದ್ದೆ ಕೊಡುತ್ತದೆ, ಹಾಕಿದ ದುಡ್ಡು ಕೊಡುವುದು ಕಷ್ಟ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಹೋದ ವರ್ಷದ ಏಪ್ರಿಲ್, ಮೇ ಬಿಲ್ಲು ತೆಗೆದು ನೋಡಿ. ಬಳಕೆ 200ರಿಂದ 240ರ ನಡುವೆ ಇದ್ದವರಿಗೆ ಈ ಕೆಲಸ ನಿಜಕ್ಕೂ ಲಾಭ.

ಅರ್ಧಕ್ಕೆ ಮಾತ್ರ ಬಳಿಸಿದ್ದಕ್ಕೂ ಕಾರಣವಿದೆ. ತಾರಸಿ 800 ಚದರಡಿ. ಎಸಿ ಇರುವುದು ಮಲಗುವ ಕೋಣೆಯಲ್ಲಿ. ಅಡುಗೆಮನೆ, ಮೆಟ್ಟಿಲ ಮೇಲೆಲ್ಲ ಬಳಿದರೆ ಎಸಿಗೆ ಹೆಚ್ಚಿನ ಪ್ರಯೋಜನವಿಲ್ಲ. ಇಪ್ಪತ್ತು ಲೀಟರಿನ ಒಂದು ಬಕೆಟ್ ಹಳೆಯ ಕಾಂಕ್ರೀಟಿನ ಮೇಲೆ ಎಲ್ಲ ಕೋಟೂ ಸೇರಿ 400ರಿಂದ 500 ಚದರಡಿ ಬರುತ್ತದೆ. ಎರಡು ಮಲಗುವ ಕೋಣೆಗಳ ಮೇಲೆ, ಗೋಡೆಯಿಂದ ಎರಡಡಿ ಆಚೆಗೂ ಸೇರಿಸಿ ಬಳಿಯಲು ಅಷ್ಟೇ ಸಾಕಾಯಿತು. ಬಕೆಟ್ಟಿಗೆ 6,200, ಬಿರುಕು ತುಂಬಿ ತೊಳೆದು ಬಳಿದ ಕೂಲಿ ಸಾಮಾನಿಗೆ 2,300. ಒಟ್ಟು 8,500. ಬೇಸಿಗೆಗೆ 3,000 ಉಳಿದರೆ ಮೂರನೆಯ ವರ್ಷ ಹಣ ವಾಪಸ್ಸು. ಲೇಪ ನಾಲ್ಕೈದು ವರ್ಷ ಬಾಳಬೇಕು, ಇಲ್ಲದಿದ್ದರೆ ಈ ಲೆಕ್ಕವೇ ಬಿದ್ದುಹೋಗುತ್ತದೆ.

ಬಾಳುವುದೂ ಬಾಳದಿರುವುದೂ ಬಳಿಯುವ ಮೊದಲೇ ತೀರ್ಮಾನವಾಗುತ್ತದೆ. ಕಾಂಕ್ರೀಟಿನೊಳಗೆ ಪಸೆ ಉಳಿದಿದ್ದರೆ ಬಿಸಿಲಿಗೆ ಅದು ಆವಿಯಾಗಿ ಮೇಲೆದ್ದು ಬಣ್ಣವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಇದನ್ನು ಮೊದಲೇ ತಿಳಿಯಲು ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ತಾರಸಿಗೆ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡಿ. ಅಡಿಯಲ್ಲಿ ಹನಿ ಕಟ್ಟಿದ್ದರೆ ಇನ್ನಷ್ಟು ದಿನ ಒಣಗಬೇಕು. ಫೆಬ್ರುವರಿ ಕೊನೆ ಇದಕ್ಕೆ ಸರಿಯಾದ ಕಾಲ. ಆಮೇಲೆ ಪಾಚಿಯ ಕಪ್ಪನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದು, ತೊಳೆದು, ಮತ್ತೆ ಪೂರ್ತಿ ಒಣಗಲು ಬಿಡಬೇಕು. ಮೊದಲ ಕೋಟು ನೀರು ಬೆರೆಸಿ ತೆಳ್ಳಗೆ, ಕಾಂಕ್ರೀಟಿಗೆ ಹಿಡಿಯಲೆಂದು. ಮೇಲಿನ ಎರಡು ಕೋಟು ದಪ್ಪಗೆ, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಎಲ್ಲವೂ ಬೆಳಗ್ಗೆ ಒಂಬತ್ತರೊಳಗೆ ಅಥವಾ ಸಂಜೆ. ಕಾದ ತಾರಸಿಯ ಮೇಲೆ ಬಣ್ಣ ಅಂಟುವ ಮೊದಲೇ ಒಣಗಿಬಿಡುತ್ತದೆ. ಮಳೆನೀರು ನಿಲ್ಲುವ ತಗ್ಗು ಇದ್ದರೆ ಅಲ್ಲಿ ಸಿಮೆಂಟು ಹಾಕಿ ಇಳಿಜಾರು ಮಾಡಿಸಲೇಬೇಕು, ಲೇಪ ಮೊದಲು ಏಳುವುದು ಅಲ್ಲಿಂದಲೇ.

ಕೊಳ್ಳುವಾಗ "ಹೀಟ್ ಪ್ರೂಫ್" ಎಂಬ ಹೆಸರನ್ನು ನೋಡಬೇಡಿ. ತಾಂತ್ರಿಕ ಹಾಳೆ ಕೇಳಿ, ಅದರಲ್ಲಿ ಎಸ್‌ಆರ್‌ಐ ಎಂಬ ಸಂಖ್ಯೆ ನೂರು ಅಥವಾ ಅದಕ್ಕಿಂತ ಹೆಚ್ಚು ಇರಲಿ. ಗೋಡೆಯ ಬಿಳಿ ಎಮಲ್ಷನ್ ಬಳಿದರೂ ಮೊದಲ ಬೇಸಿಗೆ ತಂಪೇ, ಆದರೆ ನಿಂತ ನೀರನ್ನೂ ಓಡಾಟವನ್ನೂ ಅದು ತಡೆಯದು.

ನಮ್ಮ ಊರಿಗೆ ಇನ್ನೊಂದು ವಿಶೇಷವಿದೆ. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಗಾಳಿ ಬೀಸಿದರೆ ತಾರಸಿಯ ಮೇಲೆ ಮಸಿ ಕೂರುತ್ತದೆ, ಅದರ ಜೊತೆ ರಸ್ತೆ ಧೂಳು. ಒಂದು ವರ್ಷ ಮುಟ್ಟದೆ ಬಿಟ್ಟ ನಮ್ಮ ಬಿಳಿ ಭಾಗ 42ರ ಬದಲು 47 ತೋರಿಸಿತು. ಸೋಪಿನ ನೀರು ಹಾಕಿ ಕಸಬರಿಗೆಯಲ್ಲಿ ಉಜ್ಜಿ ತೊಳೆದ ಮೇಲೆ 43ಕ್ಕೆ ಬಂತು. ವರ್ಷಕ್ಕೊಮ್ಮೆ, ಯುಗಾದಿಯ ಮನೆ ತೊಳೆಯುವ ಕೆಲಸದ ಜೊತೆಗೇ ಇದೂ ಆಗಿಬಿಡಲಿ.

ಹರಿಹರದಲ್ಲಿರುವ ನನ್ನ ತಂಗಿಗೆ ಇದನ್ನೆಲ್ಲ ಹೇಳಿದಾಗ ಅವಳು ಕೇಳಿದ್ದು ಒಂದೇ: "ಅಕ್ಕ, ನಮ್ಮ ಬಿಲ್ಲೇ ಸೊನ್ನೆ ಬರ್ತೈತಿ. ಎಂಟು ಸಾವಿರ ಹಾಕಿ ಏನು ಉಳಿಸ್ಲಿ?" ಅವಳು ಹೇಳಿದ್ದು ಸರಿ. ಬಾಡಿಗೆಯ ಮೇಲ್ಮಹಡಿ, ಎಸಿ ಇಲ್ಲ, ಎರಡು ಫ್ಯಾನು. ಅವಳಿಗೆ ಬೇಕಾದದ್ದು ತಂಪು, ಉಳಿತಾಯವಲ್ಲ. ಅದಕ್ಕೆ ಸುಣ್ಣವೇ ಸಾಕು. ಸುಟ್ಟ ಸುಣ್ಣವನ್ನು ರಾತ್ರಿಯಿಡೀ ನೀರಲ್ಲಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಹಿಡಿತಕ್ಕೆ ಫೆವಿಕಾಲ್ ಬೆರೆಸಿ, ತಾರಸಿಯನ್ನು ಒದ್ದೆ ಮಾಡಿ ಎರಡು ಸಲ ಬಳಿದರು. ಸುಣ್ಣ ಅರಳುವಾಗ ಕುದಿಯುತ್ತದೆ, ಸಿಡಿದರೆ ಕಣ್ಣು ಹೋಗುವಂಥದ್ದು. ಕನ್ನಡಕ, ಕೈಗವಸು ಇಲ್ಲದೆ ಯಾರೂ ಅದರ ಹತ್ತಿರ ಹೋಗಬಾರದು, ಮಕ್ಕಳಂತೂ ದೂರ. ಖರ್ಚು 1,600 ರೂಪಾಯಿ. ಹೊಸದರಲ್ಲಿ ತಂಪು ನಮ್ಮ ದುಬಾರಿ ಲೇಪಕ್ಕೆ ಹೆಚ್ಚು ಕಡಿಮೆ ಸಮ. ಮುಂಗಾರು ಬಂದರೆ ತೊಳೆದುಹೋಗುತ್ತದೆ, ಮುಂದಿನ ವರ್ಷ ಮತ್ತೆ ಬಳಿಯಬೇಕು. ಮುಂದಿನ ವರ್ಷ ಆ ಮನೆಯಲ್ಲೇ ಇರುತ್ತೇವೋ ಇಲ್ಲವೋ ಎನ್ನುವ ಬಾಡಿಗೆದಾರರಿಗೆ ಅದೇ ಅನುಕೂಲ. ಈ ಸಲ ಅರ್ಧ ಖರ್ಚು ಬಾಡಿಗೆಯಲ್ಲಿ ಕಳೆದುಕೊಳ್ಳಿ ಎಂದು ಮನೆ ಮಾಲೀಕರೂ ಒಪ್ಪಿದ್ದಾರೆ.