ನೂಲೆಳೆಯುವ ಮೊಸರು: ತಿನ್ನಬೇಕೋ, ಚೆಲ್ಲಬೇಕೋ? ಮಳೆಗಾಲಕ್ಕೆ ಆರು ಸೂತ್ರಗಳು

ಕಾರವಾರದ ಬಾಡಿಗೆ ರೂಮಿನಲ್ಲಿದ್ದು ಪರೀಕ್ಷೆಗೆ ಓದುತ್ತಿದ್ದೀರಾ? ಅಂಕೋಲೆಯಿಂದ ಕೈಗಾದ ಶಿಫ್ಟ್‌ಗೆ ಓಡಾಡುತ್ತಿದ್ದೀರಾ? ಹಾಗಾದರೆ ರಾತ್ರಿ ಹೆಪ್ಪು ಹಾಕಿಟ್ಟ ಮೊಸರೇ ಮರುದಿನದ ಊಟಕ್ಕೆ ಆಧಾರ. ಮಳೆ ಹಿಡಿದ ಮೇಲೆ ಅದೇ ಮೊಸರು ಚಮಚಕ್ಕೆ ಅಂಟಿಕೊಂಡು ಉದ್ದುದ್ದ ಎಳೆ ಬಿಡುತ್ತದೆ, ಲೋಳೆಲೋಳೆಯಾಗುತ್ತದೆ. ಪಾತ್ರೆ ಹಿಡಿದು ‘ತಿನ್ನಲೋ ಬೇಡವೋ’ ಎಂದು ಅನುಮಾನಿಸುತ್ತ ನಿಲ್ಲುವ ಅಭ್ಯಾಸ ಬಿಡಿ. ಪರೀಕ್ಷಿಸಿ, ತೀರ್ಮಾನಿಸಿ, ಕಾರಣ ಹಿಡಿದು ಸರಿಪಡಿಸಿ.

1. ಎಳೆ ಯಾವಾಗ ಕಂಡಿತು? ಅದನ್ನು ಮೊದಲು ಪತ್ತೆಮಾಡಿ

ಉತ್ತರದ ಅರ್ಧ ಭಾಗ ಇಲ್ಲೇ ಸಿಗುತ್ತದೆ. ಕರೆದ ತಕ್ಷಣವೇ ಹಾಲಿನಲ್ಲಿ ಎಳೆ, ಗಂಟು ಕಂಡರೆ ಹಸುವಿಗೆ ಕೆಚ್ಚಲು ಬಾವು ಇರಬಹುದು. ಆ ಹಾಲು ಬೇಡ. ಹಾಲು ಹಾಕುವವರಿಗೆ ಕೂಡಲೇ ತಿಳಿಸಿ.

ಕರೆದಾಗ ಚೆನ್ನಾಗಿದ್ದ ಹಸಿ ಹಾಲು ಕಾಯಿಸದೆ ಇಟ್ಟ ಕೆಲವು ಗಂಟೆಗಳ ಮೇಲೆ ಎಳೆ ಬಿಟ್ಟರೆ ತಪ್ಪು ಹೆಚ್ಚಾಗಿ ನೀರಿನದು. ನೀರು, ಮಣ್ಣುಗಳಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಹಾಲನ್ನು ತಂಪಿನಲ್ಲಿಟ್ಟರೂ ಬೆಳೆದು ಲೋಳೆ ಮಾಡುತ್ತವೆ. ಮಳೆಗಾಲದಲ್ಲಿ ಬಾವಿಯ ನೀರು ಕದಡಿರುತ್ತದೆ, ಅದೇ ನೀರಿನಲ್ಲಿ ತೊಳೆದ ಪಾತ್ರೆಗೆ ಹಾಲು ಬೀಳುತ್ತದೆ. ಇದನ್ನೂ ಚೆಲ್ಲಿ.

ಕಾಯಿಸಿದ ಹಾಲು ಸರಿಯಾಗಿಯೇ ಇತ್ತು, ಹೆಪ್ಪು ಹಾಕಿದ ಮೇಲಷ್ಟೇ ನೂಲಾಯಿತು ಎನ್ನುತ್ತೀರಾ? ಹೆಚ್ಚಿನವರ ಸಮಸ್ಯೆ ಇದೇ. ಮುಂದಿನ ಸೂತ್ರಗಳೆಲ್ಲ ಇದಕ್ಕೇ.

2. ಮೂಗು, ಕಣ್ಣು, ನಾಲಿಗೆ: ಇದೇ ಕ್ರಮದಲ್ಲಿ ಪರೀಕ್ಷಿಸಿ

ಮೊದಲು ಮೂಸಿ. ಹಿತವಾದ ಹುಳಿ ವಾಸನೆ ಬಂದರೆ ಮುಂದುವರಿಯಿರಿ. ಕೊಳೆತ ಅಥವಾ ಮುಗ್ಗು ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ, ನಾಲಿಗೆಗೆ ಮುಟ್ಟಿಸಬೇಡಿ.

ಆಮೇಲೆ ಬೆಳಕಿನಲ್ಲಿ ನೋಡಿ. ಗುಲಾಬಿ, ಹಸಿರು, ಕಪ್ಪು ಕಲೆ ಇದೆಯೇ? ಗ್ಯಾಸ್ ತುಂಬಿದ ತೂತು, ನೊರೆ ಇದೆಯೇ? ಇದ್ದರೆ ಪೂರ್ತಿ ಚೆಲ್ಲಿ. ಬೂಸ್ಟು ಬಂದ ಮೇಲ್ಪದರ ತೆಗೆದು ಕೆಳಗಿನದನ್ನು ತಿನ್ನುವುದು ಬೇಡ. ಗ್ಯಾಸ್ ಎಂದರೆ ಕೊಳಕು ನೀರಿನಿಂದ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಅಥವಾ ಯೀಸ್ಟ್ ಸೇರಿರುವ ಸಾಧ್ಯತೆ ಹೆಚ್ಚು.

ಈ ಎರಡರಲ್ಲೂ ಪಾಸಾದರೆ ಚಮಚದ ತುದಿಯಷ್ಟು ರುಚಿ ನೋಡಿ. ಹುಳಿಯಾಗಿದ್ದರೆ ಪಾಸು, ಕಹಿಯಾಗಿದ್ದರೆ ಫೇಲು. ಹುಳಿಯೇ ಇಲ್ಲದೆ ಬರೀ ಲೋಳೆಯಾಗಿದ್ದರೂ ಫೇಲು. ಕಾರಣ ಸರಳ: ಕೆಟ್ಟ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುವುದು ಮೊಸರಿನ ಹುಳಿ. ಅದು ಇಲ್ಲದಿದ್ದರೆ ಕಾವಲೂ ಇಲ್ಲ.

ಮೂರರಲ್ಲೂ ಪಾಸಾದ ಮೊಸರಿನ ಎಳೆಗೆ ಹೆದರಬೇಡಿ, ಊಟ ಮಾಡಿ. ಹಾಲನ್ನು ಮೊಸರು ಮಾಡುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಲ್ಲೇ ಕೆಲವು ತಳಿಗಳು ಸಕ್ಕರೆಯ ಕಣಗಳನ್ನು ಉದ್ದ ಸರಪಣಿಯಾಗಿ ಹೆಣೆದು ಹೊರಬಿಡುತ್ತವೆ. ನಿಮ್ಮ ಚಮಚಕ್ಕೆ ಅಂಟುವ ನೂಲು ಇದೇ. ಫಿನ್‌ಲೆಂಡಿನ ‘ವೀಲಿ’, ಸ್ವೀಡನ್ನಿನ ‘ಲಾಂಗ್‌ಫಿಲ್’ ಎಂಬ ಮೊಸರುಗಳನ್ನು ಬೇಕೆಂದೇ ಹೀಗೆ ಎಳೆ ಬರುವಂತೆ ಮಾಡುತ್ತಾರೆ. ಆದರೆ ಒಂದು ಮಿತಿ ನೆನಪಿಡಿ. ಈ ಪರೀಕ್ಷೆ ಮನೆಮಟ್ಟದ್ದು, ಲ್ಯಾಬಿನದಲ್ಲ. ಪುಟ್ಟ ಮಕ್ಕಳಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಲೋಳೆ ಮೊಸರು ಬಡಿಸಬೇಡಿ.

3. ಅನುಮಾನದ ಮೊಸರನ್ನು ಕುದಿಸಿ ಉಳಿಸಲು ಹೋಗಬೇಡಿ

‘ಮಜ್ಜಿಗೆ ಹುಳಿ ಮಾಡಿ ಕುದಿಸಿದರೆ ಎಲ್ಲ ಸಾಯುತ್ತದೆ’ ಎಂದುಕೊಳ್ಳಬೇಡಿ. ಬ್ಯಾಕ್ಟೀರಿಯಾ ಸಾಯಬಹುದು, ಆದರೆ ಸ್ಟೆಫೈಲೊಕಾಕಸ್‌ನಂಥವು ಅದಾಗಲೇ ಬಿಟ್ಟ ವಿಷ ಕುದಿಗೂ ಜಗ್ಗುವುದಿಲ್ಲ.

4. ಲೋಳೆ ಮೊಸರನ್ನು ಹೆಪ್ಪಿಗೆ ಬಳಸಬೇಡಿ

ಒಂದು ಉದಾಹರಣೆ ತೆಗೆದುಕೊಳ್ಳಿ. ಜುಲೈ ತಿಂಗಳು. ಅರ್ಧ ಲೀಟರ್ ನಂದಿನಿ ಹಾಲು ಕಾಯಿಸಿ, ಪೂರ್ತಿ ತಣಿಸಿ, ರಾತ್ರಿ ಒಂಬತ್ತಕ್ಕೆ ಹೆಪ್ಪು ಹಾಕಿ ಸ್ಟೀಲ್ ಪಾತ್ರೆಯನ್ನು ಅಡುಗೆ ಕಟ್ಟೆಯ ಮೇಲಿಟ್ಟಿರಿ. ಅಡುಗೆಮನೆಯಲ್ಲಿ ಸುಮಾರು 26 ಡಿಗ್ರಿ. ಬೆಳಿಗ್ಗೆ ಆರಕ್ಕೆ ಮೊಸರು ಇನ್ನೂ ಸಡಿಲ, ಹುಳಿ ಕಡಿಮೆ, ಚಮಚ ಎತ್ತಿದರೆ ಗೇಣುದ್ದ ಎಳೆ. ವಾಸನೆ ಮಾತ್ರ ಚೆನ್ನಾಗಿದೆ.

ಏನಾಯಿತು? ಗಟ್ಟಿ ಮೊಸರು ಕೊಡುವ ಬ್ಯಾಕ್ಟೀರಿಯಾಗಳಿಗೆ 40ರಿಂದ 43 ಡಿಗ್ರಿ ಶಾಖ ಇಷ್ಟ. ಎಳೆ ಬಿಡುವ ಅನೇಕ ತಳಿಗಳಿಗೆ 20ರಿಂದ 30 ಡಿಗ್ರಿ ಸಾಕು. ಫಿನ್‌ಲೆಂಡಿನವರು ವೀಲಿಯನ್ನು ಹೆಪ್ಪುಗಟ್ಟಿಸುವುದು 20 ಡಿಗ್ರಿಯ ಆಸುಪಾಸಿನಲ್ಲೇ. ನಿಮ್ಮ ಕಟ್ಟೆಯ ತಂಪಿನಲ್ಲಿ ಎರಡನೇ ಗುಂಪು ಮುಂದೆ ಓಡಿತು. ಇವತ್ತಿನ ಆ ಮೊಸರನ್ನೇ ನಾಳೆಗೆ ಹೆಪ್ಪು ಮಾಡಿದರೆ ಅದೇ ಗುಂಪು ಇನ್ನೂ ಬಲವಾಗುತ್ತದೆ. ದಿನದಿಂದ ದಿನಕ್ಕೆ ಎಳೆ ಉದ್ದವಾಗುವುದು ಹೀಗೆ.

ಆದ್ದರಿಂದ ಮೂರೂ ಪರೀಕ್ಷೆಯಲ್ಲಿ ಪಾಸಾದರೆ ಆ ಮೊಸರನ್ನು ಚೆನ್ನಾಗಿ ಕಡೆದು ಮಜ್ಜಿಗೆ ಮಾಡಿ ಕುಡಿಯಿರಿ. ಕಡೆದಾಗ ಎಳೆ ಬಹುಮಟ್ಟಿಗೆ ತುಂಡಾಗುತ್ತದೆ. ಹೆಪ್ಪನ್ನು ಮಾತ್ರ ಬದಲಿಸಿ. ಗಟ್ಟಿ ಮೊಸರಾಗುವ ಮನೆಯಿಂದ ಎರಡು ಚಮಚ ತನ್ನಿ, ಇಲ್ಲವೇ ತಾಜಾ ಪ್ಯಾಕೆಟ್ ಮೊಸರು ಬಳಸಿ. ಬಳಸುವ ಮೊದಲು ಅದರಲ್ಲೂ ಚಮಚ ಎತ್ತಿ ನೋಡಿ. ಹಸಿಮೆಣಸಿನ ತೊಟ್ಟಿನಿಂದ ಹೆಪ್ಪು ಹುಟ್ಟಿಸುವ ಉಪಾಯ ಈಗ ಬೇಡ. ಗಿಡದ ಮೇಲೆ ಯಾವ ತಳಿ ಇದೆಯೋ ಅದೇ ಬರುತ್ತದೆ, ಲೋಳೆ ಮಾಡುವ ಲ್ಯೂಕನೊಸ್ಟಾಕ್ ವಾಸಿಸುವುದೂ ಗಿಡಗಳ ಮೇಲೆಯೇ. ಸಕ್ಕರೆ ತಾಗಿದ ಚಮಚವನ್ನೂ ಹೆಪ್ಪಿಗೆ ಅದ್ದಬೇಡಿ. ಸಕ್ಕರೆ ಸಿಕ್ಕರೆ ಆ ಲ್ಯೂಕನೊಸ್ಟಾಕ್ ಧಾರಾಳವಾಗಿ ಲೋಳೆ ತಯಾರಿಸುತ್ತದೆ.

5. ಶಾಖವನ್ನು ಹಿಡಿದಿಡಿ

ಪ್ಯಾಕೆಟ್ ಹಾಲಾದರೂ ಕುದಿ ಬರಿಸಿ, ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಿ. ಇದು ಬರೀ ಶುಚಿಗಲ್ಲ. ಬಿಸಿಗೆ ಹಾಲಿನ ಪ್ರೋಟೀನ್ ಬಿಚ್ಚಿಕೊಂಡರೆ ಮೊಸರು ಗಟ್ಟಿಯಾಗಿ ಕೂರುತ್ತದೆ. ಪೂರ್ತಿ ತಣಿಯಲು ಬಿಡಬೇಡಿ. ಒಂದು ಹನಿ ಮಣಿಕಟ್ಟಿನ ಮೇಲೆ ಹಾಕಿಕೊಳ್ಳಿ. ಬಿಸಿ ತಿಳಿಯಬೇಕು, ಸುಡಬಾರದು. ಸುಮಾರು 42 ಡಿಗ್ರಿ ಎಂದರೆ ಅಷ್ಟೇ.

ಅರ್ಧ ಲೀಟರಿಗೆ ಒಂದು ಟೀ ಚಮಚ ಹೆಪ್ಪು ಕಲಸಿ. ಬಿಸಿನೀರು ಸುರಿದು ಚೆಲ್ಲಿ ಒರೆಸಿದ ಹಾಟ್‌ಬಾಕ್ಸ್‌ನೊಳಗೆ ಪಾತ್ರೆ ಇಟ್ಟು ಮುಚ್ಚಿ. ಐದಾರು ಗಂಟೆಯಲ್ಲಿ ಮೊಸರಾಗುತ್ತದೆ, ಆದ ಕೂಡಲೇ ಫ್ರಿಜ್‌ಗೆ ಸೇರಿಸಿ. ರಾತ್ರಿಯ ನಿದ್ದೆಗಿಂತ ಇದು ಬೇಗ ಆಗುತ್ತದೆ, ಹಾಗಾಗಿ ಸಂಜೆ ಐದಕ್ಕೇ ಹೆಪ್ಪು ಹಾಕಿ, ಮಲಗುವ ಮುಂಚೆ ಒಳಗಿಡಿ.

6. ಪಾತ್ರೆಯನ್ನು ಒಣಗಿಸಿ

ಹೊಸ ಹೆಪ್ಪು ತಂದರೂ ಮೂರನೇ ದಿನ ಮತ್ತೆ ನೂಲು ಬಂತೇ? ಪಾತ್ರೆಯನ್ನು ಹಿಡಿಯಿರಿ. ಗೀರು ಬಿದ್ದ ಪ್ಲಾಸ್ಟಿಕ್ ಡಬ್ಬಿಯ ಸಂದಿನಲ್ಲಿ ಹಳೆಯ ಲೋಳೆ ಉಳಿದಿರುತ್ತದೆ, ಅದನ್ನು ಮೊಸರಿಗೆ ಬಳಸುವುದು ಬಿಡಿ. ಸ್ಟೀಲ್ ಪಾತ್ರೆ, ಮುಚ್ಚಳ, ಚಮಚ ಮೂರಕ್ಕೂ ಕುದಿಯುವ ನೀರು ಸುರಿಯಿರಿ. ಜುಲೈಯಲ್ಲಿ ಕರಾವಳಿಯ ಬಿಸಿಲು ನಂಬಬೇಡಿ. ಪಾತ್ರೆಯನ್ನು ಒಲೆಯ ಮೇಲೆ ಅರ್ಧ ನಿಮಿಷ ಹಿಡಿದು ತೇವ ಆರಿಸಿ.

ಹಾಲು, ಹೆಪ್ಪು, ಪಾತ್ರೆ ಮೂರನ್ನೂ ಒಂದೇ ದಿನ ಬದಲಿಸಿ. ಒಂದನ್ನು ಹಳೆಯದೇ ಉಳಿಸಿಕೊಂಡರೆ ಲೋಳೆ ಅಲ್ಲಿಂದಲೇ ಮತ್ತೆ ಹೊಸ ಮೊಸರಿಗೆ ಹತ್ತುತ್ತದೆ.